1 ಕೆವಿಎ ಯುಪಿಎಸ್ 640 ವ್ಯಾಟ್‌ಗೆ ಏಕೆ ಮಲಗಿತು?

ಹಾಸನದ ಬಿ.ಎಂ. ರಸ್ತೆಯ ಒಂದು ಡಿ.ಟಿ.ಪಿ. ಅಂಗಡಿಯಿಂದ ಜೂನ್ ಕೊನೆಯಲ್ಲಿ ಕರೆ ಬಂತು. ಮಲೆನಾಡಿನ ಕಡೆ ಮಳೆ ಹಿಡಿದಿತ್ತು. ಊರಿನಲ್ಲಿ ದಿನಕ್ಕೆ ನಾಲ್ಕೈದು ಸಲ ಕರೆಂಟು ಹೋಗಿ ಬರುತ್ತಿತ್ತು. ಅಂಗಡಿಯ ಯಜಮಾನರು ಬೇಸತ್ತಿದ್ದರು. "ಅಣ್ಣ, ಹೊಸ ಬ್ಯಾಟರಿ ಹಾಕಿಸಿ ಹದಿನೈದು ದಿನವೂ ಆಗಿಲ್ಲ. ಕರೆಂಟು ಹೋದರೆ ಯುಪಿಎಸ್ ಏಳೆಂಟು ಸೆಕೆಂಡ್ ಕೂಗಿಕೊಳ್ಳುತ್ತದೆ, ಆಮೇಲೆ ಎಲ್ಲವನ್ನೂ ಆರಿಸಿಬಿಡುತ್ತದೆ. ಇದೇ ಯುಪಿಎಸ್ ಮೂರು ವರ್ಷ ಸುಮ್ಮನೆ ಕೆಲಸ ಮಾಡಿತ್ತು."

ಮೂರು ವರ್ಷ ಸುಮ್ಮನಿದ್ದದ್ದು ಈಗ ಏಕೆ ಹೀಗೆ ಎಂದರೆ, ಮಧ್ಯೆ ಏನು ಬದಲಾಯಿತು ಎಂದು ಕೇಳುವುದು ನನ್ನ ಅಭ್ಯಾಸ. "ಏನೂ ಇಲ್ಲ" ಎಂಬುದು ಮೊದಲ ಉತ್ತರವಾಗಿರುತ್ತದೆ. ಅಂದೂ ಹಾಗೆಯೇ ಆಯಿತು. ಅಂಗಡಿಗೆ ಹೋಗಿ ನೋಡಿದರೆ ಮೇಜಿನ ಮೇಲಿದ್ದ ಮೂರು ಹಳೆಯ ಕಂಪ್ಯೂಟರ್‌ಗಳು ಮಾಯವಾಗಿದ್ದವು, ಅವುಗಳ ಜಾಗದಲ್ಲಿ ನಾಲ್ಕು ಹೊಸವು ಕುಳಿತಿದ್ದವು. "ಅದು ಹೌದು, ಆದರೆ ಹೊಸ ಕಂಪ್ಯೂಟರ್ ಕಡಿಮೆ ಕರೆಂಟು ತಿನ್ನುತ್ತದಲ್ಲವೇ?" ಎಂದರು. ಆ ಮಾತು ಅರ್ಧ ನಿಜ. ಉಳಿದ ಅರ್ಧವನ್ನು ಹುಡುಕುವುದೇ ಅಂದಿನ ಕೆಲಸವಾಯಿತು.

ಎಲ್ಲರೂ ಮೊದಲು ಹಿಡಿಯುವುದು ಬ್ಯಾಟರಿಯನ್ನು

ಯುಪಿಎಸ್ ಕೈಕೊಟ್ಟರೆ ಹತ್ತರಲ್ಲಿ ಒಂಬತ್ತು ಮಂದಿ ಬ್ಯಾಟರಿಯ ಮೇಲೆ ಗೂಬೆ ಕೂರಿಸುತ್ತಾರೆ. ಅದರಲ್ಲಿ ತಪ್ಪಿಲ್ಲ, ಹೆಚ್ಚಿನ ಸಲ ಬ್ಯಾಟರಿಯೇ ಸತ್ತಿರುತ್ತದೆ. ಆದರೆ ಹಣ ಸುರಿಯುವ ಮೊದಲು ಐದು ಪೈಸೆಯ ಖರ್ಚಿಲ್ಲದ ಒಂದು ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು: ಯುಪಿಎಸ್‌ಗೆ ಒಂದೇ ಒಂದು ಕಂಪ್ಯೂಟರನ್ನು ಉಳಿಸಿ, ಉಳಿದವುಗಳನ್ನು ಕಿತ್ತು, ಗೋಡೆಯ ಸ್ವಿಚ್ಚನ್ನು ಆರಿಸುವುದು.

ನಾವೂ ಅದನ್ನೇ ಮಾಡಿದೆವು. ಒಂದು ಕಂಪ್ಯೂಟರ್ ಇಪ್ಪತ್ತೈದು ನಿಮಿಷ ಓಡಿತು. ಎದುರಿನ ಹೋಟೆಲಿನಿಂದ ಕಾಫಿ ತರಿಸಿ ಕುಡಿದು ಲೋಟ ವಾಪಸು ಕೊಟ್ಟರೂ ಅದು ಆರಲಿಲ್ಲ. ಬ್ಯಾಟರಿ ಸತ್ತಿದ್ದರೆ ಹೀಗಾಗುವುದಿಲ್ಲ. ಸತ್ತ ಬ್ಯಾಟರಿ ಕಡಿಮೆ ಹೊರೆಗೂ ಎರಡು ಮೂರು ನಿಮಿಷದಲ್ಲಿ ಕುಸಿಯುತ್ತದೆ.

ಇದೇ ಪರೀಕ್ಷೆ ಇನ್ನೊಂದು ಅನುಮಾನವನ್ನೂ ತೆಗೆದುಹಾಕಿತು. ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಿಂದ ಕೊಡುವ ಅಲೆ ಗೋಡೆಯ ಕರೆಂಟಿನಂತೆ ನುಣುಪಾಗಿರುವುದಿಲ್ಲ, ಮೆಟ್ಟಿಲಿನಂತಿರುತ್ತದೆ. ಕೆಲವು ಹೊಸ ಪವರ್ ಸಪ್ಲೈಗಳಿಗೆ ಆ ಮೆಟ್ಟಿಲು ಒಗ್ಗುವುದಿಲ್ಲ. ಹಾಗಾದಾಗ ಕಂಪ್ಯೂಟರ್ ಮಾತ್ರ ಆರುತ್ತದೆ, ಯುಪಿಎಸ್ ಉರಿಯುತ್ತಲೇ ಇರುತ್ತದೆ. ಇಲ್ಲಿ ಹೊಸ ಕಂಪ್ಯೂಟರ್ ಇಪ್ಪತ್ತೈದು ನಿಮಿಷ ಅದೇ ಅಲೆಯ ಮೇಲೆ ಓಡಿದ್ದರಿಂದ ಆ ದಾರಿ ಮುಚ್ಚಿತು.

ಮುಂದೆ ಒಂದೊಂದಾಗಿ ಸೇರಿಸುತ್ತಾ ಹೋದೆವು. ಎರಡು ಕಂಪ್ಯೂಟರ್, ಸರಿ. ಮೂರು, ಸರಿ. ನಾಲ್ಕನೆಯದನ್ನು ಸಿಕ್ಕಿಸಿ, ಎಲ್ಲದರಲ್ಲೂ ದೊಡ್ಡ ಫ್ಲೆಕ್ಸ್ ವಿನ್ಯಾಸವನ್ನು ತೆರೆದು ಕೆಲಸ ಕೊಟ್ಟು ಸ್ವಿಚ್ ಆರಿಸಿದಾಗ ಎಡೆಬಿಡದ ಕೂಗು ಕೇಳಿಸಿತು, ಕೆಂಪು ದೀಪ ಹತ್ತಿತು, ಎಂಟನೆಯ ಸೆಕೆಂಡಿಗೆ ಕತ್ತಲೆ. ಮತ್ತೆ ಚಾರ್ಜ್ ಮಾಡಿ ಮಾಡಿದರೂ ಎಂಟೇ ಸೆಕೆಂಡ್. ಈ ಎಂಟು ಸೆಕೆಂಡ್ ಬದಲಾಗದೆ ಇದ್ದದ್ದು ದೊಡ್ಡ ಸುಳಿವು. ಬ್ಯಾಟರಿ ಬಳಲಿ ಬೀಳುವ ಯುಪಿಎಸ್ ಒಮ್ಮೆ ಒಂದು ನಿಮಿಷ, ಇನ್ನೊಮ್ಮೆ ಮೂರು ನಿಮಿಷ ನಿಲ್ಲುತ್ತದೆ. ಪ್ರತಿ ಸಲ ಅಷ್ಟೇ ಸೆಕೆಂಡಿಗೆ ಬೀಳುವುದು ಹೊರೆ ಹೆಚ್ಚಾಯಿತೆಂದು ತಾನಾಗಿಯೇ ಕೈಬಿಡುವ ಯುಪಿಎಸ್.

ಯಜಮಾನರಿಗೆ ಆಗ ನೆನಪಾಯಿತು: ಬೆಳಗ್ಗೆ ಅಂಗಡಿ ತೆರೆದ ಹೊತ್ತಿನಲ್ಲಿ ಕರೆಂಟು ಹೋದರೆ ಯುಪಿಎಸ್ ತಾಳಿಕೊಳ್ಳುತ್ತದೆ, ಮಧ್ಯಾಹ್ನ ಹೋದರೆ ಬೀಳುತ್ತದೆ. ಬೆಳಗ್ಗೆ ನಾಲ್ಕೂ ಪರದೆಗಳು ಬರಿದೇ ಉರಿಯುತ್ತಿರುತ್ತವೆ. ಮಧ್ಯಾಹ್ನ ನಾಲ್ವರು ಹುಡುಗರೂ ಕೆಲಸದಲ್ಲಿರುತ್ತಾರೆ.

ಹಿಂಬದಿಯ ಚೀಟಿ

"ಆದರೆ ಇದು ಒಂದು ಕೆವಿಎ ಯುಪಿಎಸ್. ಅಂದರೆ ಸಾವಿರ. ನಮ್ಮ ಎಲೆಕ್ಟ್ರಿಷಿಯನ್ ಕ್ಲಾಂಪ್ ಮೀಟರ್ ಹಾಕಿ ನೋಡಿದ್ದಾನೆ, 2.8 ಆಂಪಿಯರ್ ಬಂದಿತ್ತು. 230 ರಿಂದ ಗುಣಿಸಿದರೆ 650 ಕೂಡ ಆಗುವುದಿಲ್ಲ. ಸಾವಿರದ ಯುಪಿಎಸ್ 650ಕ್ಕೆ ಬಿದ್ದರೆ ಯುಪಿಎಸ್ ಕೆಟ್ಟಿದೆ ಎಂದೇ ಅಲ್ಲವೇ?"

ಲೆಕ್ಕ ಸರಿಯಾಗಿಯೇ ಇತ್ತು. ಯಾವ ಸಾವಿರ ಎಂಬುದನ್ನು ಮಾತ್ರ ಅವರು ನೋಡಿರಲಿಲ್ಲ. ಯುಪಿಎಸ್ಸನ್ನು ಎಳೆದು ತಿರುಗಿಸಿದೆ. ಜೇಡರ ಬಲೆ ಒರೆಸಿದರೆ ಚೀಟಿ ಕಾಣಿಸಿತು:

```
Output: 1000VA/600W
```

ಅಂಗಡಿಯಲ್ಲಿ ಕೊಳ್ಳುವಾಗ ಪೆಟ್ಟಿಗೆಯ ಮುಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ಮೊದಲ ಸಂಖ್ಯೆ. ಎರಡನೆಯದು ಹಿಂಬದಿಯಲ್ಲಿ, ಇರುವೆ ಸಾಲಿನಂತಹ ಅಕ್ಷರಗಳಲ್ಲಿ ಇರುತ್ತದೆ. ಮಾರುವವರೂ ಬಾಯಲ್ಲಿ ಹೇಳುವುದು ಮೊದಲನೆಯದನ್ನೇ. ಈ ಎರಡೂ ಬೇರೆ ಬೇರೆ ಮಿತಿಗಳು. ಹೊರೆ ಎರಡನ್ನೂ ಮೀರಬಾರದು. ಒಂದನ್ನು ಮೀರಿದರೂ ಸಾಕು, ಯುಪಿಎಸ್ ಕೈಬಿಡುತ್ತದೆ.

ಎರಡು ಮಿತಿಗಳು ಏಕೆ ಎಂಬುದು ತಿಳಿದರೆ ಕಿಲೋವ್ಯಾಟ್ ಮತ್ತು ಕೆವಿಎ ಎಂಬ ಕಿಲೋವೋಲ್ಟ್ ಆಂಪಿಯರ್ ನಡುವಿನ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ.

ವ್ಯಾಟ್ ಎಂದರೆ ನಿಜವಾಗಿ ಖರ್ಚಾಗುವ ಶಕ್ತಿಯ ವೇಗ. ಮನೆಯ ಮೀಟರ್ ಯೂನಿಟ್ ಎಣಿಸುವುದು ಇದನ್ನೇ, ಒಂದು ಕಿಲೋವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಯುಪಿಎಸ್‌ನಲ್ಲಿ ಈ ಶಕ್ತಿ ಬರಬೇಕಾದದ್ದು ಬ್ಯಾಟರಿಯಿಂದ. ಈ ಅಂಗಡಿಯ ಯುಪಿಎಸ್ ಒಳಗೆ 12 ವೋಲ್ಟಿನ ಎರಡು ಪುಟ್ಟ ಬ್ಯಾಟರಿಗಳು ಸರಣಿಯಲ್ಲಿ, ಒಟ್ಟು 24 ವೋಲ್ಟ್. ಹೊರಗೆ 600 ವ್ಯಾಟ್ ಕೊಡಬೇಕಾದರೆ, ಒಳಗಿನ ನಷ್ಟವನ್ನೂ ಸೇರಿಸಿ ಬ್ಯಾಟರಿಯಿಂದ ಸುಮಾರು 30 ಆಂಪಿಯರ್ ಎಳೆಯಬೇಕು. ಸಾವಿರ ವ್ಯಾಟ್ ಕೊಡಬೇಕಾದರೆ 50ರ ಹತ್ತಿರ. ಆ ಪುಟ್ಟ ಬ್ಯಾಟರಿಗೂ, ಅದನ್ನು ಕತ್ತರಿಸಿ ಕತ್ತರಿಸಿ ಕೊಡುವ ಟ್ರಾನ್ಸಿಸ್ಟರ್‌ಗಳಿಗೂ ಅಷ್ಟು ತ್ರಾಣವಿಲ್ಲ. ಆದ್ದರಿಂದ ತಯಾರಿಸಿದವರು 600ಕ್ಕೆ ಗೆರೆ ಎಳೆದಿದ್ದಾರೆ.

ವೋಲ್ಟ್ ಆಂಪಿಯರ್ ಎಂದರೆ ತಂತಿಯಲ್ಲಿ ಓಡಾಡುವ ಒಟ್ಟು ಪ್ರವಾಹದ ಲೆಕ್ಕ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಮುಗಿಯಿತು, ಅದರಲ್ಲಿ ಎಷ್ಟು ಕೆಲಸಕ್ಕೆ ಬಂತು ಎಂಬ ಪ್ರಶ್ನೆಯಿಲ್ಲ. ತಂತಿಯ ಸುರುಳಿ ಬಿಸಿಯಾಗುವುದು ಪ್ರವಾಹದಿಂದ. ಆ ಪ್ರವಾಹ ಕೆಲಸ ಮಾಡಿತೋ, ಸುಮ್ಮನೆ ಹೋಗಿ ಬಂತೋ ಎಂದು ತಾಮ್ರ ಕೇಳುವುದಿಲ್ಲ. ನಮ್ಮ ರೈತರಿಗೆ ಇದು ಬೇರೆ ರೂಪದಲ್ಲಿ ಗೊತ್ತೇ ಇದೆ. ಊರ ಹೊರಗಿನ ಟಿ.ಸಿ.ಯನ್ನು, ಅಂದರೆ ಟ್ರಾನ್ಸ್‌ಫಾರ್ಮರನ್ನು, ಯಾರೂ ಕಿಲೋವ್ಯಾಟ್ ಲೆಕ್ಕದಲ್ಲಿ ಹೇಳುವುದಿಲ್ಲ, ಇಪ್ಪತ್ತೈದರದ್ದು, ಅರವತ್ತಮೂರರದ್ದು, ನೂರರದ್ದು ಎನ್ನುತ್ತಾರೆ. ಅವೆಲ್ಲ ಕೆವಿಎ. ಟಿ.ಸಿ. ಮಾಡುವವನಿಗೆ ಅದಕ್ಕೆ ಪಂಪ್‌ಸೆಟ್ಟು ಜೋಡಿಸುತ್ತಾರೋ ಮನೆಯ ದೀಪ ಜೋಡಿಸುತ್ತಾರೋ ತಿಳಿಯದು, ತನ್ನ ಸುರುಳಿ ತಡೆಯುವ ಪ್ರವಾಹವನ್ನಷ್ಟೇ ಅವನು ಹೇಳಬಲ್ಲ.

ಹಾಗಾದರೆ ಹೋಗಿ ಬರುವ ಪ್ರವಾಹ ಎಂದರೇನು? ಹಾಲಿನ ಗಾಡಿಯನ್ನು ನೆನೆಯಿರಿ. ಡೇರಿಗೆ ಕ್ಯಾನು ತುಂಬಿ ಹೋಗುತ್ತದೆ, ಖಾಲಿ ಕ್ಯಾನು ಹಿಂದಿರುಗುತ್ತದೆ. ದುಡ್ಡು ಬರುವುದು ಹಾಲಿಗೆ ಮಾತ್ರ. ಆದರೆ ಗಾಡಿಯಲ್ಲಿ ಜಾಗ ಹಿಡಿಯುವುದು, ಚಕ್ರದ ಮೇಲೆ ಕೂರುವುದು ಕ್ಯಾನು ಸಹಿತ ಹಾಲು. ಮೋಟಾರು ತನ್ನ ಸುರುಳಿಯಲ್ಲಿ ಅಯಸ್ಕಾಂತ ಹುಟ್ಟಿಸಲು ಶಕ್ತಿಯನ್ನು ಎರವಲು ಪಡೆದು, ಸೆಕೆಂಡಿಗೆ ಎಷ್ಟೋ ಸಲ ಅದನ್ನು ತಂತಿಗೆ ಹಿಂದಿರುಗಿಸುತ್ತಿರುತ್ತದೆ. ಖಾಲಿ ಕ್ಯಾನಿನ ಓಡಾಟ ಇದೇ. ಹೋಲಿಕೆ ಇಲ್ಲಿಗೆ ನಿಲ್ಲಲಿ, ಏಕೆಂದರೆ ಕ್ಯಾನು ಮತ್ತು ಹಾಲಿನ ತೂಕವನ್ನು ನೇರವಾಗಿ ಕೂಡಬಹುದು, ವಿದ್ಯುತ್ತಿನಲ್ಲಿ ಹಾಗೆ ಕೂಡಲಾಗದು.

ವ್ಯಾಟನ್ನು ವೋಲ್ಟ್ ಆಂಪಿಯರಿನಿಂದ ಭಾಗಿಸಿದರೆ ಬರುವುದು ಪವರ್ ಫ್ಯಾಕ್ಟರ್. ಅದು ಒಂದಕ್ಕಿಂತ ಹೆಚ್ಚಾಗದು.

```
VA = V × A
W  = V × A × PF
```

ಹಳೆಯದು ಮತ್ತು ಹೊಸದು

ಈಗ ಅಂಗಡಿಯ ಕಥೆಗೆ ಬರೋಣ. ನನ್ನ ಚೀಲದಲ್ಲಿ ಪ್ಲಗ್‌ಗೆ ಸಿಕ್ಕಿಸುವ ಒಂದು ಪುಟ್ಟ ವ್ಯಾಟ್ ಮೀಟರ್ ಇರುತ್ತದೆ. ಗೋಡೆಗೂ ಉಪಕರಣಕ್ಕೂ ನಡುವೆ ಅದನ್ನಿಟ್ಟರೆ ವ್ಯಾಟ್, ವೋಲ್ಟ್ ಆಂಪಿಯರ್, ಪವರ್ ಫ್ಯಾಕ್ಟರ್ ಮೂರನ್ನೂ ತೋರಿಸುತ್ತದೆ. ಹೊಸ ಕಂಪ್ಯೂಟರಿಗೆ ಹಾಕಿ, ಕೆಲಸ ಕೊಟ್ಟು ನೋಡಿದೆ: 160 ವ್ಯಾಟ್, 163 ವೋಲ್ಟ್ ಆಂಪಿಯರ್. ಬರಿದೇ ಇದ್ದಾಗ 90 ವ್ಯಾಟ್. ಅದೃಷ್ಟಕ್ಕೆ ಹಳೆಯ ಕಂಪ್ಯೂಟರುಗಳಲ್ಲಿ ಒಂದು ಇನ್ನೂ ಅಟ್ಟದ ಮೇಲೆ ಇತ್ತು. ಅದನ್ನು ಕೆಳಗಿಳಿಸಿ ಹಾಕಿದೆವು: 130 ವ್ಯಾಟ್, 200 ವೋಲ್ಟ್ ಆಂಪಿಯರ್.

ಎರಡನ್ನೂ ಪಕ್ಕಪಕ್ಕ ಇಟ್ಟಾಗ ಯಜಮಾನರು ಮೀಟರನ್ನು ಎರಡು ಸಲ ನೋಡಿದರು. ಹಳೆಯದು ಕಡಿಮೆ ವ್ಯಾಟ್ ತಿನ್ನುತ್ತದೆ, ಆದರೆ ಹೆಚ್ಚು ಆಂಪಿಯರ್ ಎಳೆಯುತ್ತದೆ. ಹೊಸದು ಹೆಚ್ಚು ವ್ಯಾಟ್ ತಿನ್ನುತ್ತದೆ, ಕಡಿಮೆ ಆಂಪಿಯರ್ ಎಳೆಯುತ್ತದೆ. ಆಂಪಿಯರ್ ಮಾತ್ರ ಅಳೆಯುವ ಕ್ಲಾಂಪ್ ಮೀಟರಿನ ಕಣ್ಣಿಗೆ ಹೊಸ ಕಂಪ್ಯೂಟರೇ ಮಿತಾಹಾರಿ.

ಇದಕ್ಕೆ ಕಾರಣ ಪವರ್ ಸಪ್ಲೈ ಡಬ್ಬಿಯ ಒಳಗಿದೆ. ಹಳೆಯ ಡಬ್ಬಿಯಲ್ಲಿ ಡಯೋಡುಗಳೂ ದಪ್ಪ ಕೆಪಾಸಿಟರೂ ಇರುತ್ತವೆ. ಕೆಪಾಸಿಟರ್ ತುಂಬಿದ ಕೊಡದಂತೆ. ಗೋಡೆಯ ವೋಲ್ಟ್ ಏರಿ ಏರಿ ತನಗಿಂತ ಮೇಲೆ ಹೋದ ಕ್ಷಣದಲ್ಲಿ ಮಾತ್ರ ಅದು ಕರೆಂಟನ್ನು ಗಬಕ್ಕನೆ ನುಂಗುತ್ತದೆ, ಅಲೆಯ ಉಳಿದ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುತ್ತದೆ. ಇಡೀ ಅಲೆಯಲ್ಲಿ ಹಂಚಿಕೊಂಡು ಬರಬೇಕಾದ ಪ್ರವಾಹ ಹೀಗೆ ಕಿರಿದಾದ, ಎತ್ತರದ ಮುಳ್ಳುಗಳಾಗಿ ಬರುತ್ತದೆ. ಕೆಲಸ ಅಷ್ಟೇ ಆದರೂ ತಂತಿಯನ್ನು ಬಿಸಿ ಮಾಡುವ ಲೆಕ್ಕದಲ್ಲಿ ಆ ಪ್ರವಾಹ ದೊಡ್ಡದು. ಪವರ್ ಫ್ಯಾಕ್ಟರ್ 0.65. ಪಿ.ಯು.ಸಿ.ಯಲ್ಲಿ ಕಲಿಸುವ ಕಾಸ್ ಥೀಟಾ ಮೋಟಾರಿಗೆ ಹೊಂದುತ್ತದೆ. ಈ ಮುಳ್ಳಿನ ಪ್ರವಾಹಕ್ಕೆ ಅದೊಂದೇ ಸಾಲದು, ಇಲ್ಲಿ ಪ್ರವಾಹ ಹಿಂದೆ ಬಿದ್ದಿಲ್ಲ, ಅದರ ಆಕಾರವೇ ಕೆಟ್ಟಿದೆ.

ಹೊಸ ಡಬ್ಬಿಯಲ್ಲಿ ಪವರ್ ಫ್ಯಾಕ್ಟರ್ ತಿದ್ದುವ ಒಂದು ಮಂಡಲ ಇರುತ್ತದೆ. ಅದು ಪ್ರವಾಹವನ್ನು ಅಲೆಯ ಉದ್ದಕ್ಕೂ, ಅಲೆಯ ಏರಿಳಿತಕ್ಕೆ ತಕ್ಕಂತೆ ಎಳೆದುಕೊಳ್ಳುತ್ತದೆ. ಆದ್ದರಿಂದ ಪವರ್ ಫ್ಯಾಕ್ಟರ್ 0.98. ಆಗ ವ್ಯಾಟೂ ವೋಲ್ಟ್ ಆಂಪಿಯರೂ ಹೆಚ್ಚುಕಡಿಮೆ ಒಂದೇ.

ಇನ್ನು ಲೆಕ್ಕ ಸುಲಭ. ಹಳೆಯ ಮೂರು ಕಂಪ್ಯೂಟರುಗಳಿಗೆ 390 ವ್ಯಾಟ್, 600 ವೋಲ್ಟ್ ಆಂಪಿಯರ್. ಯುಪಿಎಸ್‌ನ 600 ವ್ಯಾಟ್ ಮಿತಿಯಲ್ಲಿ ಶೇ 65, ಸಾವಿರ ವೋಲ್ಟ್ ಆಂಪಿಯರ್ ಮಿತಿಯಲ್ಲಿ ಶೇ 60. ಎರಡೂ ಕಡೆ ಆರಾಮ. ಮೂರು ವರ್ಷ ಸುಮ್ಮನಿದ್ದದ್ದು ಇದಕ್ಕೇ. ಹೊಸ ನಾಲ್ಕಕ್ಕೆ 640 ವ್ಯಾಟ್, 652 ವೋಲ್ಟ್ ಆಂಪಿಯರ್. ವೋಲ್ಟ್ ಆಂಪಿಯರ್ ಮಿತಿಯಲ್ಲಿ ಶೇ 65, ಎಷ್ಟೋ ಜಾಗ ಖಾಲಿ. ವ್ಯಾಟ್ ಮಿತಿಯಲ್ಲಿ ಶೇ 107. ಯುಪಿಎಸ್ ಎಂಟು ಸೆಕೆಂಡ್ ತಾಳಿಕೊಂಡದ್ದೇ ಅದರ ದೊಡ್ಡತನ. ಬೆಳಗಿನ ಲೆಕ್ಕ 90ರಂತೆ 360 ವ್ಯಾಟ್, ಆದ್ದರಿಂದ ಬೆಳಗ್ಗೆ ಬೀಳುತ್ತಿರಲಿಲ್ಲ.

ಕರೆಂಟು ಇದ್ದಾಗ ಇದೇ 640 ವ್ಯಾಟ್ ಏಕೆ ತೊಂದರೆ ಕೊಡಲಿಲ್ಲ ಎಂದು ಅವರು ಕೇಳಿದರು, ಒಳ್ಳೆಯ ಪ್ರಶ್ನೆ. ಈ ಬಗೆಯ ಯುಪಿಎಸ್ ಕರೆಂಟು ಇರುವಷ್ಟು ಹೊತ್ತು ಗೋಡೆಯ ಕರೆಂಟನ್ನೇ ಮುಂದಕ್ಕೆ ದಾಟಿಸುತ್ತಿರುತ್ತದೆ. ಬ್ಯಾಟರಿಯ ಮೇಲೆ ಆಗ ಹೊರೆಯೇ ಇಲ್ಲ. ದಾಟುವ ಪ್ರವಾಹ 2.8 ಆಂಪಿಯರ್ ಮಾತ್ರ, ಅದು ತಂತಿಗೆ ಹಗುರ. ವ್ಯಾಟಿನ ಮಿತಿ ಬಾಗಿಲು ತಟ್ಟುವುದು ಬ್ಯಾಟರಿ ಕೆಲಸಕ್ಕೆ ಇಳಿದಾಗ.

ಲೇಸರ್ ಪ್ರಿಂಟರನ್ನು ಅವರು ಜಾಣತನದಿಂದ ಮೊದಲೇ ಗೋಡೆಗೆ ನೇರವಾಗಿ ಜೋಡಿಸಿದ್ದರು. ಯಾರಾದರೂ ಅದನ್ನು ಯುಪಿಎಸ್‌ಗೆ ಹಾಕಿದ್ದರೆ ಮೊದಲು ಕೀಳಿರಿ. ಅದರೊಳಗಿನ ಹೀಟರ್ ಆಗಾಗ ಕೆಲವು ಸೆಕೆಂಡ್ ಎಂಟುನೂರು, ಸಾವಿರ ವ್ಯಾಟ್ ಎಳೆಯುತ್ತದೆ.

ಅರಸೀಕೆರೆಯಲ್ಲಿ ಕಥೆ ತಲೆಕೆಳಗಾಯಿತು

ಅಟ್ಟದ ಮೇಲಿದ್ದದ್ದೂ ಸೇರಿ ಹಳೆಯ ಮೂರು ಕಂಪ್ಯೂಟರುಗಳು ಯಜಮಾನರ ಭಾವಮೈದುನ ಅರಸೀಕೆರೆಯಲ್ಲಿ ನಡೆಸುವ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಹೋದವು. ಅಲ್ಲಿ ಅದೇ ಕಾಲದ ಮೂರು ಮೊದಲೇ ಇದ್ದವು, ಒಟ್ಟು ಆರು. ಭಾವನ ಅನುಭವ ಕೇಳಿ ಈತ ಎಚ್ಚರ ವಹಿಸಿದ್ದರು. ಚೀಟಿ ನೋಡಿ, ವ್ಯಾಟ್ ನೋಡಿ, 1000VA/900W ಎಂದಿದ್ದ ಒಳ್ಳೆಯ ಆನ್‌ಲೈನ್ ಯುಪಿಎಸ್ಸನ್ನೇ ಕೊಂಡಿದ್ದರು. ಆರು ಕಂಪ್ಯೂಟರುಗಳಿಗೆ 130ರಂತೆ 780 ವ್ಯಾಟ್. 900ರೊಳಗೆ ಇದೆಯಲ್ಲ?

ಆದರೂ ಕರೆಂಟು ಹೋದಾಗ ತರಗತಿ ಕತ್ತಲಾಗುತ್ತಿತ್ತು. ಅದಕ್ಕಿಂತ ವಿಚಿತ್ರವೆಂದರೆ, ಕರೆಂಟು ಇದ್ದಾಗಲೇ ಯುಪಿಎಸ್‌ನ ಮುಖದ ಮೇಲೆ ಒಂದು ಕಿತ್ತಳೆ ದೀಪ ಉರಿಯುತ್ತಿತ್ತು. ಅವರು ಅದನ್ನು ಚಾರ್ಜಿಂಗ್ ದೀಪ ಎಂದುಕೊಂಡಿದ್ದರು. ಅದು ಬೈಪಾಸ್ ದೀಪ. ಆನ್‌ಲೈನ್ ಯುಪಿಎಸ್ ಸದಾ ತಾನೇ ಹೊಸದಾಗಿ ಕರೆಂಟು ತಯಾರಿಸಿ ಕೊಡುತ್ತದೆ. ಹೊರೆ ಮಿತಿ ಮೀರಿದರೆ ಪಕ್ಕಕ್ಕೆ ಸರಿದು ಗೋಡೆಯ ಕರೆಂಟನ್ನು ನೇರವಾಗಿ ಬಿಡುತ್ತದೆ. ಕಂಪ್ಯೂಟರುಗಳು ಆರುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ಯುಪಿಎಸ್ ಇದ್ದೂ ಇಲ್ಲದಂತೆ. ಮುಂದಿನ ಸಲ ಕರೆಂಟು ಹೋದಾಗಷ್ಟೇ ಬಣ್ಣ ಬಯಲಾಗುತ್ತದೆ.

ಇಲ್ಲಿ ಮೀರಿದ್ದು ಇನ್ನೊಂದು ಮಿತಿ. ಆರು ಹಳೆಯ ಕಂಪ್ಯೂಟರುಗಳಿಗೆ 200ರಂತೆ 1200 ವೋಲ್ಟ್ ಆಂಪಿಯರ್, ಯುಪಿಎಸ್‌ನದು ಸಾವಿರ. ವ್ಯಾಟಿನಲ್ಲಿ ಶೇ 87, ವೋಲ್ಟ್ ಆಂಪಿಯರಿನಲ್ಲಿ ಶೇ 120. ಹಾಸನದಲ್ಲಿ ಭಾವ ವೋಲ್ಟ್ ಆಂಪಿಯರ್ ನೋಡಿ ವ್ಯಾಟಿನಲ್ಲಿ ಬಿದ್ದರು, ಅರಸೀಕೆರೆಯಲ್ಲಿ ಭಾವಮೈದುನ ವ್ಯಾಟ್ ನೋಡಿ ವೋಲ್ಟ್ ಆಂಪಿಯರಿನಲ್ಲಿ ಬಿದ್ದರು.

ಅಲ್ಲಿಯೂ ಯಾರೋ ಕ್ಲಾಂಪ್ ಮೀಟರ್ ಹಾಕಿ 3.6 ಆಂಪಿಯರ್ ಎಂದು ಹೇಳಿ ಹೋಗಿದ್ದರು. 3.6 ಅನ್ನು 230 ರಿಂದ ಗುಣಿಸಿದರೆ 828, ಸಾವಿರದೊಳಗೇ ಬರುತ್ತದೆ. ನನ್ನ ಮೀಟರ್ ಹಾಕಿದರೆ 5.2 ಆಂಪಿಯರ್. ಒಂದೇ ತಂತಿ, ಎರಡು ಮೀಟರು, ಎರಡು ಮಾತು. ಸುಳ್ಳು ಹೇಳಿದ್ದು ಅಗ್ಗದ ಮೀಟರು. ಅದು ಪ್ರವಾಹದ ಸರಾಸರಿಯನ್ನು ಅಳೆದು, ಅಲೆ ನುಣುಪಾಗಿದೆ ಎಂದು ನಂಬಿ ಒಂದು ಸಂಖ್ಯೆಯನ್ನು ಊಹಿಸುತ್ತದೆ. ನುಣುಪಾದ ಅಲೆಗೆ ಆ ಊಹೆ ಸರಿ, ಹಾಸನದ ಹೊಸ ಕಂಪ್ಯೂಟರುಗಳಿಗೆ ಅದು ಸರಿಯಾಗಿಯೇ ತೋರಿಸಿತ್ತು. ಮುಳ್ಳಿನಂತಹ ಪ್ರವಾಹಕ್ಕೆ ಅದೇ ಮೀಟರ್ ಮೂರನೇ ಒಂದು ಪಾಲಿನಷ್ಟು ಕಡಿಮೆ ತೋರಿಸುತ್ತದೆ. ಮೀಟರಿನ ಮುಖದ ಮೇಲೆ ಈ ಅಕ್ಷರಗಳಿವೆಯೇ ಎಂದು ನೋಡಬೇಕು:

```
True RMS
```

ಇಲ್ಲದಿದ್ದರೆ ಹಳೆಯ ಕಂಪ್ಯೂಟರ್, ಅಗ್ಗದ ಎಲ್‌ಇಡಿ ಬಲ್ಬುಗಳ ಮೇಲೆ ಅದರ ಮಾತು ಕೇಳಬೇಡಿ. ನಾನೇ ಹೊಸದರಲ್ಲಿ ಅಂತಹ ಮೀಟರನ್ನು ನಂಬಿ ಒಬ್ಬರಿಗೆ ಯುಪಿಎಸ್ ಬೋರ್ಡು ಬದಲಿಸಿಕೊಟ್ಟಿದ್ದೆ. ಬೋರ್ಡು ಸರಿಯಿತ್ತು. ಆ ಹಣವನ್ನು ಹಿಂದಿರುಗಿಸಿದ ಮೇಲೆ ಈ ಮೀಟರ್ ಕೊಂಡೆ.

ಇನ್ನೊಂದು ಎಚ್ಚರ: ಅಳತೆಯನ್ನು ಗೋಡೆಯ ಕರೆಂಟಿನ ಮೇಲೆ ಮಾಡಿ. ಅಗ್ಗದ ಯುಪಿಎಸ್ ಬ್ಯಾಟರಿಯಲ್ಲಿ ಓಡುವಾಗ ಕೊಡುವ ಮೆಟ್ಟಿಲು ಅಲೆಯಲ್ಲಿ ಪ್ಲಗ್ ಮೀಟರುಗಳೂ ತಡವರಿಸುತ್ತವೆ.

ಕೊಳ್ಳುವಾಗಿನ ಲೆಕ್ಕ

ಹಾಸನದ ಅಂಗಡಿಗೆ ಬರೋಣ. ಅಂದೇ ಮಾಡಿದ್ದು ಒಂದು ಕಂಪ್ಯೂಟರನ್ನು ಯುಪಿಎಸ್‌ನಿಂದ ಕಿತ್ತು ಗೋಡೆಗೆ ಹಾಕಿದ್ದು. ಉಳಿದ ಮೂರಕ್ಕೆ 480 ವ್ಯಾಟ್, ಮಿತಿಯ ಶೇ 80. ಸ್ವಿಚ್ ಆರಿಸಿದೆವು, ಯುಪಿಎಸ್ ಬೀಳಲಿಲ್ಲ. ನಾಲ್ಕನೆಯ ಹುಡುಗನ ಮುಖ ಸಪ್ಪಗಾಯಿತು.

ಹೊಸದನ್ನು ಕೊಳ್ಳಬೇಕಾದರೆ ಲೆಕ್ಕ ಹೀಗೆ. ಎಲ್ಲ ಉಪಕರಣಗಳೂ ಅತಿ ಹೆಚ್ಚು ಕೆಲಸದಲ್ಲಿರುವಾಗ ವ್ಯಾಟನ್ನೂ ವೋಲ್ಟ್ ಆಂಪಿಯರನ್ನೂ ಅಳೆದು ಬೇರೆ ಬೇರೆ ಕೂಡಬೇಕು. ಎರಡಕ್ಕೂ ಕಾಲು ಪಾಲು ಸೇರಿಸಬೇಕು. ಇಲ್ಲಿ 640ಕ್ಕೆ 160 ಸೇರಿಸಿದರೆ 800 ವ್ಯಾಟ್, 652ಕ್ಕೆ 163 ಸೇರಿಸಿದರೆ 815 ವೋಲ್ಟ್ ಆಂಪಿಯರ್. ಚೀಟಿಯಲ್ಲಿ ಎರಡೂ ಸಂಖ್ಯೆಗಳು ಇವುಗಳಿಗಿಂತ ಮೇಲಿರಬೇಕು. 1000VA/900W ಆದರೆ ಸರಿ. 1500VA/900W ಆದರೂ ಸರಿ, ಹೆಸರಿನಲ್ಲಿ ಒಂದೂವರೆ ಪಟ್ಟು ದೊಡ್ಡದಾದರೂ ಈ ಅಂಗಡಿಯ ಮಟ್ಟಿಗೆ ಅದು ಕೊಡುವುದು ಅಷ್ಟೇ 900 ವ್ಯಾಟ್. ಒಂದು ಕೆವಿಎ ಎಂದು ಬರೆದ ಎರಡು ಪೆಟ್ಟಿಗೆಗಳ ಬೆಲೆಯಲ್ಲಿ ಅಷ್ಟು ಅಂತರ ಏಕೆ ಎಂಬುದಕ್ಕೆ ಅರ್ಧ ಉತ್ತರ ಈ ಎರಡನೆಯ ಸಂಖ್ಯೆಯಲ್ಲಿಯೇ ಇದೆ.

ಚೀಟಿಯಲ್ಲಿ ವೋಲ್ಟ್ ಆಂಪಿಯರ್ ಮಾತ್ರ ಇದ್ದು ವ್ಯಾಟ್ ಇಲ್ಲದಿದ್ದರೆ, ಅಂಗಡಿಯವರ ಮಾತಿನ ಮೇಲೆ ಹೋಗದೆ ಒಳಗಿನ ಪುಸ್ತಿಕೆ ಕೇಳಿ. ಅದೂ ಇಲ್ಲವಾದರೆ ನಾನು ಅಗ್ಗದ ಯುಪಿಎಸ್‌ಗೆ 0.6 ಎಂದೇ ಹಿಡಿಯುತ್ತೇನೆ. 600 ವೋಲ್ಟ್ ಆಂಪಿಯರಿನ ಪುಟ್ಟ ಪೆಟ್ಟಿಗೆ ಎಂದರೆ ನನ್ನ ಲೆಕ್ಕದಲ್ಲಿ 360 ವ್ಯಾಟ್. ನಮ್ಮ ಕಡೆ ಮನೆಯ ಇನ್ವರ್ಟರನ್ನೂ ಯುಪಿಎಸ್ ಎಂದೇ ಕರೆಯುವುದರಿಂದ ಇದನ್ನೂ ಹೇಳಬೇಕು: ಅದರ ಮೇಲಿನ 900 ಎಂಬ ಸಂಖ್ಯೆಯೂ ವೋಲ್ಟ್ ಆಂಪಿಯರೇ, ವ್ಯಾಟ್ ಅದಕ್ಕಿಂತ ಕಡಿಮೆ.

ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಲೆಕ್ಕಕ್ಕೆ ಕೆವಿಎ ಬೇಕಾಗಿಯೇ ಇಲ್ಲ. ಬ್ಯಾಟರಿ ಖಾಲಿಯಾಗುವುದು ವ್ಯಾಟಿನಿಂದ. ದೊಡ್ಡ ಕೆವಿಎ ಕೊಂಡರೆ ಹೆಚ್ಚು ಹೊತ್ತು ಬರುತ್ತದೆ ಎಂದುಕೊಂಡು ಕೊಂಡವರು ಬಹಳ. ಬ್ಯಾಟರಿಯ ವೋಲ್ಟು ಮತ್ತು ಆಂಪಿಯರ್ ಗಂಟೆ ಹೆಚ್ಚದಿದ್ದರೆ ಒಂದು ನಿಮಿಷವೂ ಹೆಚ್ಚುವುದಿಲ್ಲ.

ಮೋಟಾರು ಜೋಡಿಸುವವರಿಗೆ ಈ ಲೆಕ್ಕವೂ ಸಾಲದು. ಚಿಕ್ಕಮಗಳೂರಿನ ಕಡೆ ಕಾಫಿ ಪುಡಿ ಮಾಡುವ ಅರ್ಧ ಎಚ್.ಪಿ. ಯಂತ್ರವನ್ನು ಯುಪಿಎಸ್‌ಗೆ ಹಾಕಬಹುದೇ ಎಂದು ಒಬ್ಬರು ಕೇಳಿದ್ದರು. ಓಡುವಾಗ ಅದು ಸುಮಾರು 560 ವ್ಯಾಟ್, 860 ವೋಲ್ಟ್ ಆಂಪಿಯರ್ ತೋರಿಸಿತು. ಅರಸೀಕೆರೆಯಂತಹ ಯುಪಿಎಸ್‌ಗೆ ಎರಡೂ ಮಿತಿಯೊಳಗೇ. ಆದರೆ ಇಂತಹ ಮೋಟಾರು ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಪ್ರವಾಹ ಎಳೆಯುತ್ತದೆ, ಅಂದರೆ ನಾಲ್ಕು ಕೆವಿಎ ದಾಟುತ್ತದೆ. ಬೇಡ ಎಂದೆ. ಕರೆಂಟು ಬರುವವರೆಗೆ ಪುಡಿ ಕಾಯಬಹುದು.

ಅರಸೀಕೆರೆಯವರು ಯುಪಿಎಸ್ ಬದಲಿಸಲಿಲ್ಲ. ಆರರಲ್ಲಿ ಎರಡು ಕಂಪ್ಯೂಟರನ್ನು ಗೋಡೆಗೆ ಹಾಕಿ, ನಾಲ್ಕನ್ನು ಮಾತ್ರ ಯುಪಿಎಸ್‌ನಲ್ಲಿ ಉಳಿಸಿದರು. 520 ವ್ಯಾಟ್, 800 ವೋಲ್ಟ್ ಆಂಪಿಯರ್. ಕಿತ್ತಳೆ ದೀಪ ಆರಿ ಹಸಿರು ಬಂತು. ಹಾಸನದ ಯಜಮಾನರು 1000VA/900W ಆನ್‌ಲೈನ್ ತಂದು ನಾಲ್ಕನೆಯ ಹುಡುಗನ ಕಂಪ್ಯೂಟರನ್ನೂ ಅದಕ್ಕೆ ಸೇರಿಸಿದರು. ಹಳೆಯ ಯುಪಿಎಸ್, ಹದಿನೈದು ದಿನದ ಹೊಸ ಬ್ಯಾಟರಿಯ ಸಮೇತ, ಈಗ ಅವರ ಮನೆಯಲ್ಲಿ ಟಿ.ವಿ. ಕೆಳಗೆ ಇದೆ. ಅದರ ಬೆನ್ನಿಗೆ ಯಜಮಾನರ ಹೆಂಡತಿ ಮಾರ್ಕರ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ್ದಾರೆ: "600 ವ್ಯಾಟ್. ಮಿಕ್ಸಿ ಹಾಕಬಾರದು."